ತಿಂಗಳ ಖರ್ಚಿನ ಬಣ್ಣದ ಚಕ್ರ ಮತ್ತು ನಾಲ್ಕು ಅಂಕಿಯ ಸಂಖ್ಯೆ
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ನೀವು ಬ್ಯಾಂಕಿನಲ್ಲಿ ಏನು ಕೆಲಸ ಮಾಡುತ್ತೀರೋ ಅದನ್ನೇ ನಮಗೆ ಅರ್ಥವಾಗುವ ಹಾಗೆ ಹೇಳಿ" ಎಂದರು. ಹದಿನೈದು ವರ್ಷದಿಂದ ನಾನು ಬೆಂಗಳೂರಿನ ಒಂದು ಬ್ಯಾಂಕಿನ ಪಾವತಿ ವಿಭಾಗದಲ್ಲಿ ಇದ್ದೇನೆ. ಅಲ್ಲಿ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು ಬಹಳ ಸಣ್ಣದು. ಆದರೆ ಅದರ ಫಲ ಈಗ ನಿಮ್ಮೆಲ್ಲರ ಜೇಬಿನಲ್ಲಿ ಇದೆ. ನೀವು ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪ್ ತೆರೆದರೆ, ಕೆಲವು ಆ್ಯಪ್‌ಗಳು ತಿಂಗಳ ಕೊನೆಗೆ ಒಂದು ಬಣ್ಣದ ಚಕ್ರ ತೋರಿಸುತ್ತವೆ. ದಿನಸಿಗೆ ಇಷ್ಟು, ಔಷಧಿಗೆ ಇಷ್ಟು, ಪೆಟ್ರೋಲಿಗೆ ಇಷ್ಟು, ಶಾಪಿಂಗಿಗೆ ಇಷ್ಟು ಎಂದು. ನೀವು ಯಾರೂ ಅದಕ್ಕೆ ಲೆಕ್ಕ ಬರೆದುಕೊಟ್ಟಿಲ್ಲ. ಹಾಗಾದರೆ ನೀವು ಕೊಟ್ಟ ಆ ಇನ್ನೂರು ರೂಪಾಯಿ ಅಕ್ಕಿಗೋ ಮಾತ್ರೆಗೋ ಎಂದು ಅದಕ್ಕೆ ಹೇಳಿದವರು ಯಾರು? ಇವತ್ತು ಇಷ್ಟನ್ನೇ ಹೇಳುತ್ತೇನೆ.

ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ನೀವು ಏನು ಕೊಂಡಿರಿ ಎಂಬುದು ಆ ಆ್ಯಪಿಗೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ನೀವು ಯಾರಿಗೆ ಕೊಟ್ಟಿರಿ ಎಂಬುದು, ಮತ್ತು ಆ "ಯಾರು" ಎಂಬುವರ ಬೆನ್ನ ಮೇಲೆ ಅಂಟಿಸಿರುವ ನಾಲ್ಕು ಅಂಕಿಯ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಮರ್ಚೆಂಟ್ ಕ್ಯಾಟಗರಿ ಕೋಡ್ ಎನ್ನುತ್ತಾರೆ. ವ್ಯಾಪಾರಿ ಯಾವ ಬಗೆಯವನು ಎಂದು ಹೇಳುವ ಸಂಖ್ಯೆ. ನಾವು ಸುಮ್ಮನೆ ಕೋಡ್ ಎನ್ನೋಣ.

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿರುವ ಕ್ಯೂಆರ್ ಹಲಗೆಯನ್ನು ನೋಡಿದ್ದೀರಿ. ಕಪ್ಪು ಬಿಳಿ ಚುಕ್ಕೆಗಳ ಆ ಚೌಕದೊಳಗೆ ಗುಟ್ಟೇನೂ ಇಲ್ಲ, ಒಂದು ಸಾಲಿನ ಬರಹ ಇದೆ ಅಷ್ಟೆ. ದುಡ್ಡಿನ ಆ್ಯಪ್ ಬಿಟ್ಟು ಬೇರೆ ಯಾವುದಾದರೂ ಸಾಮಾನ್ಯ ಸ್ಕ್ಯಾನರ್‌ನಿಂದ ಓದಿದರೆ ಆ ಸಾಲು ಹೀಗೆ ಕಾಣುತ್ತದೆ. ಮಕ್ಕಳಿಗೆ ಕಾಣಲಿ ಎಂದು ಹಲಗೆಯ ಮೇಲೆ ಬರೆದಿದ್ದೇನೆ. ಹೆಸರು, ವಿಳಾಸ ನಾನು ಕಟ್ಟಿಕೊಂಡದ್ದು.

```
upi://pay?pa=angadi@bank&pn=KIRANI%20ANGADI&mc=5411&cu=INR
```

`pa` ಎಂಬುದರ ಮುಂದೆ ಇರುವುದು ದುಡ್ಡು ಹೋಗಬೇಕಾದ ವಿಳಾಸ. `pn` ಎಂದರೆ ಹೆಸರು. `cu` ಎಂದರೆ ಯಾವ ದೇಶದ ಹಣ, ಅಂದರೆ ನಮ್ಮ ರೂಪಾಯಿ. ನಡುವೆ ಇರುವ `mc` ಎಂಬುದೇ ನಮ್ಮ ಕಥಾನಾಯಕ. 5411 ಎಂದರೆ ದಿನಸಿ ಅಂಗಡಿ, ಸೂಪರ್ ಮಾರ್ಕೆಟ್. ಮೆಡಿಕಲ್ ಸ್ಟೋರ್ ಆಗಿದ್ದರೆ ಅಲ್ಲಿ 5912 ಇರಬೇಕು. ಪೆಟ್ರೋಲ್ ಬಂಕಿಗೆ 5541, ಹೋಟೆಲಿಗೆ 5812, ಆಸ್ಪತ್ರೆಗೆ 8062, ನಮ್ಮಂಥ ಶಾಲೆಗೆ 8211, ಕ್ಷೌರದ ಅಂಗಡಿಗೆ 7230. ಹಾಲಿನ ಪದಾರ್ಥ ಮಾರುವ ಅಂಗಡಿಗೂ ಒಂದು ಇದೆ, 5451. ದನದ ಡಾಕ್ಟರಿಗೂ ಇದೆ, 0742.

ಈ ಪಟ್ಟಿ ನಮ್ಮ ದೇಶದ್ದಲ್ಲ. ಹೊರದೇಶದ ಕ್ರೆಡಿಟ್ ಕಾರ್ಡ್ ಕಂಪನಿಗಳು ತಮ್ಮ ವ್ಯವಹಾರಕ್ಕೆಂದು ಬಳಸುತ್ತಿದ್ದ ಪಟ್ಟಿ ಅದು. 2003ರಲ್ಲಿ ಐಎಸ್‌ಒ 18245 ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. 2016ರಲ್ಲಿ ಯುಪಿಐ ಬಂದಾಗ ಅದೂ ಇದೇ ಕೋಡುಗಳನ್ನು ಬಳಸಿಕೊಂಡಿತು. ಕಾರ್ಡಿನವರಿಗೆ ಇದು ಬೇಕಾಗಿದ್ದದ್ದು ನಿಮ್ಮ ಮನೆಯ ಲೆಕ್ಕಕ್ಕಲ್ಲ. ಯಾವ ಬಗೆಯ ಅಂಗಡಿಯಿಂದ ಎಷ್ಟು ಶುಲ್ಕ ಹಿಡಿಯಬೇಕು, ಯಾವ ವ್ಯಾಪಾರದಲ್ಲಿ ಮೋಸದ ಅಪಾಯ ಹೆಚ್ಚು, ಎಲ್ಲಿ ಕಾರ್ಡ್ ನಡೆಯಬಾರದು ಎಂದು ತೀರ್ಮಾನಿಸಲು ಬೇಕಾಗಿತ್ತು. ಹಾಗಾಗಿ ಆ ಪಟ್ಟಿಯಲ್ಲಿ ಎಲ್ಲಿ ಹೆಚ್ಚು ಗೆರೆ ಎಳೆದಿದ್ದಾರೆ ಎಂದು ನೋಡಿದರೆ ಅದು ಹುಟ್ಟಿದ ಊರು ಗೊತ್ತಾಗಿಬಿಡುತ್ತದೆ. ಹಲವು ವಿಮಾನ ಕಂಪನಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ, ದೊಡ್ಡ ಲಾಡ್ಜ್ ಕಂಪನಿಗಳಿಗೂ ಹಾಗೆಯೇ. ಸಂತೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವ ಅಜ್ಜಿಗೆಂದು ಮಾತ್ರ ಯಾರೂ ಸಂಖ್ಯೆ ಯೋಚಿಸಲಿಲ್ಲ.

ಈಗ ಮುಖ್ಯ ಪ್ರಶ್ನೆ. ಈ ಸಂಖ್ಯೆಯನ್ನು ಅಂಗಡಿಗೆ ಅಂಟಿಸುವವರು ಯಾರು? ಸರ್ಕಾರವಲ್ಲ, ನಿಮ್ಮ ಆ್ಯಪ್ ಕೂಡ ಅಲ್ಲ. ಅಂಗಡಿಯವರ ದುಡ್ಡನ್ನು ಪಡೆದುಕೊಳ್ಳುವ ಬ್ಯಾಂಕ್, ಅಥವಾ ಆ ಬ್ಯಾಂಕಿನ ಪರವಾಗಿ ಕ್ಯೂಆರ್ ಹಂಚುವ ಕಂಪನಿ. ಕ್ಯೂಆರ್ ಕೊಡಲು ಒಬ್ಬ ಹುಡುಗ ಬೈಕಿನಲ್ಲಿ ಬರುತ್ತಾನೆ. ಅಂಗಡಿಯ ಮುಂದೆ ನಿಂತು ಫೋಟೋ ಹೊಡೆಯುತ್ತಾನೆ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾನೆ. ಅವನ ಫೋನಿನ ಫಾರ್ಮಿನಲ್ಲಿ "ವ್ಯಾಪಾರದ ಬಗೆ" ಎಂಬ ಒಂದು ಜಾಗ ಇರುತ್ತದೆ. ಒತ್ತಿದರೆ ಉದ್ದನೆಯ ಪಟ್ಟಿ ಇಳಿಯುತ್ತದೆ. ಬಿಸಿಲಿನಲ್ಲಿ ನಿಂತ ಹುಡುಗ, ಇವತ್ತಿಗೆ ಇನ್ನೂ ಹತ್ತು ಅಂಗಡಿ ಮುಗಿಸಬೇಕು. ಕಿರಾಣಿ ಎಂದರೆ ಪಟ್ಟಿಯಲ್ಲಿ ಮೇಲೆಯೇ ಸಿಗುತ್ತದೆ. ಗೊಬ್ಬರ, ಬೀಜ, ಪೈಪು, ಸ್ಪ್ರೇಯರ್ ಎಲ್ಲ ಮಾರುವ ಅಂಗಡಿಗೆ ಏನು ಹಾಕಬೇಕು? ಹುಡುಕುತ್ತಾ ಕೂರುವ ವ್ಯವಧಾನ ಯಾರಿಗಿದೆ? ಕೊನೆಯಲ್ಲಿರುವ "ಇತರೆ ಚಿಲ್ಲರೆ ಅಂಗಡಿ" ಒತ್ತುತ್ತಾನೆ. ಅದರ ಸಂಖ್ಯೆ 5999. ಅಂದಿನಿಂದ ಆ ಗೊಬ್ಬರದ ಅಂಗಡಿ ಲೋಕದ ಕಣ್ಣಿಗೆ ಗಾಜಿನ ಬಳೆ ಮಾರುವ ಅಂಗಡಿಯೂ ಆಗಬಹುದು, ಆಟಿಕೆ ಅಂಗಡಿಯೂ ಆಗಬಹುದು. ಆ ಹುಡುಗನನ್ನು ನಾನು ಬೈಯುತ್ತಿಲ್ಲ. ಅವನು ಒತ್ತಿದ ಆ ಒಂದು ಗುಂಡಿ ಎಷ್ಟು ದೂರ ಪ್ರಯಾಣ ಮಾಡುತ್ತದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ಸಂಖ್ಯೆ ಇದೆ, ಅದು ಎಲ್ಲಕ್ಕಿಂತ ಮುಖ್ಯ: 0000. ಹಾಗೆಂದರೆ "ಇವರು ವ್ಯಾಪಾರಿಯಲ್ಲ, ಒಬ್ಬ ವ್ಯಕ್ತಿ" ಎಂದು. ನೀವು ನಿಮ್ಮ ತಂಗಿಗೆ ದುಡ್ಡು ಕಳಿಸಿದರೆ ಅಲ್ಲಿ ಇರುವುದು ಇದೇ. ನೀವು ಕ್ಯೂಆರ್ ಸ್ಕ್ಯಾನ್ ಮಾಡದೆ ಫೋನ್ ನಂಬರ್ ಒತ್ತಿ ಕಳಿಸಿದಾಗಲೂ ಈ ವಿಷಯ ತಿಳಿಯುತ್ತದೆ. ನಂಬರ್ ಒತ್ತಿದೊಡನೆ ಎದುರಿನವರ ಹೆಸರು ಪರದೆಯ ಮೇಲೆ ಬರುತ್ತದಲ್ಲ, ಆ ಹೊತ್ತಿನಲ್ಲಿ ನಿಮ್ಮ ಆ್ಯಪ್ ಆ ಕಡೆಯ ಬ್ಯಾಂಕನ್ನು ವಿಚಾರಿಸಿರುತ್ತದೆ. ಹೆಸರಿನ ಜೊತೆಗೆ ಅವರು ವ್ಯಕ್ತಿಯೋ ಸಂಸ್ಥೆಯೋ, ಕೋಡ್ ಏನು ಎಂಬುದೂ ಬರುತ್ತದೆ. ಹೆಸರು ಮಾತ್ರ ನಿಮಗೆ ಕಾಣುತ್ತದೆ, ಉಳಿದದ್ದು ಒಳಗೇ ಉಳಿಯುತ್ತದೆ.

ನಮ್ಮ ಊರಿನಲ್ಲಿ ಹಾಲು ಕೊಡುವವರು, ತರಕಾರಿ ಮಾರುವವರು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರು, ಬಟ್ಟೆ ಹೊಲಿಯುವ ಅಕ್ಕ, ಇವರಲ್ಲಿ ಬಹಳ ಮಂದಿ ತಮ್ಮ ಸ್ವಂತ ಆ್ಯಪಿನಲ್ಲಿ ಬರುವ ಕ್ಯೂಆರ್ ತೋರಿಸಿಯೇ ದುಡ್ಡು ಪಡೆಯುತ್ತಾರೆ. ಅವರು ವ್ಯಾಪಾರ ಮಾಡುತ್ತಿದ್ದಾರೆ ಎಂದು ನಮಗೆ ಗೊತ್ತು, ಅವರಿಗೂ ಗೊತ್ತು. ಯಂತ್ರಕ್ಕೆ ಮಾತ್ರ ಅವರೆಲ್ಲ ನಿಮ್ಮ ತಂಗಿಯ ಹಾಗೆಯೇ, ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.

ಇನ್ನು ಚಕ್ರ ಹೇಗೆ ಹುಟ್ಟುತ್ತದೆ ನೋಡೋಣ. ನೀವು ಪಿನ್ ಒತ್ತಿ ದುಡ್ಡು ಹೋದ ಮೇಲೆ ಆ್ಯಪ್ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ದಿನಾಂಕ, ಮೊತ್ತ, ಯಾರಿಗೆ, ಕೋಡ್. ಕೋಡುಗಳು ನೂರಾರು ಇವೆ. ನೂರಾರು ಬಣ್ಣದ ಚಕ್ರ ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಆ್ಯಪ್ ಮಾಡುವವರು ಒಂದು ಕೋಷ್ಟಕ ಇಟ್ಟುಕೊಳ್ಳುತ್ತಾರೆ. ಎಡಗಡೆ ಕೋಡ್, ಬಲಗಡೆ ಹತ್ತು ಹನ್ನೆರಡು ಡಬ್ಬಿಗಳಲ್ಲಿ ಯಾವುದಕ್ಕೆ ಹಾಕಬೇಕು ಎಂಬುದು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಇರುವ ಹಾಗೆ.

```
5411, 5451, 5499  -> ದಿನಸಿ
5812, 5814        -> ಊಟ ತಿಂಡಿ
5912, 8062        -> ಆರೋಗ್ಯ
5541, 5542        -> ಇಂಧನ
4814, 4900        -> ಬಿಲ್
5311, 5999        -> ಶಾಪಿಂಗ್
0000              -> ವ್ಯಕ್ತಿಗಳಿಗೆ
```

ನಾನು ಹೇಳಿದ ಆ ಸಣ್ಣ ಕೆಲಸ ಇದೇ. ಇಂಥ ಕೋಷ್ಟಕದ ಮುಂದೆ ಕೂತು ಯಾವ ಕೋಡ್ ಯಾವ ಡಬ್ಬಿಗೆ ಎಂದು ವಾದ ಮಾಡುವುದು. ವಾದ ಎಂದರೆ ನಿಜವಾಗಿಯೂ ವಾದ. ಬೇಕರಿಗೆ 5462 ಎಂದು ಬೇರೆ ಸಂಖ್ಯೆ ಇದೆ. ಬೇಕರಿ ದಿನಸಿಯೋ, ಊಟ ತಿಂಡಿಯೋ? ಮನೆಗೆ ಬ್ರೆಡ್ ತಂದರೆ ದಿನಸಿ, ಅಲ್ಲೇ ನಿಂತು ಪಫ್ಸ್ ತಿಂದು ಟೀ ಕುಡಿದರೆ ತಿಂಡಿ. ನಮ್ಮ ಬಳಿ ಇರುವುದು ಸಂಖ್ಯೆ ಒಂದೇ. ಅರ್ಧ ದಿನ ಚರ್ಚೆ ಮಾಡಿ ಒಂದು ಕಡೆ ಹಾಕಿದೆವು. ಬೇರೆ ಆ್ಯಪಿನವರು ಇನ್ನೊಂದು ಕಡೆ ಹಾಕಿರಬಹುದು. ಒಂದೇ ಬೇಕರಿಯ ಒಂದೇ ಬಿಲ್ಲು ಗಂಡನ ಫೋನಿನಲ್ಲಿ ಒಂದು ಬಣ್ಣ, ಹೆಂಡತಿಯ ಫೋನಿನಲ್ಲಿ ಇನ್ನೊಂದು ಬಣ್ಣ ಆಗಲು ಇದೇ ಕಾರಣ. ಕೋಡಿಗೆ ಅಂತರರಾಷ್ಟ್ರೀಯ ಮಾನದಂಡ ಇದೆ, ಡಬ್ಬಿಗೆ ಇಲ್ಲ.

ಕೋಷ್ಟಕವೊಂದೇ ಸಾಲದು ಎಂದು ಮೇಲೆ ಇನ್ನೆರಡು ನಿಯಮ ಇಡುತ್ತೇವೆ. ಗ್ರಾಹಕರೇ ಹಿಂದೆ ಒಮ್ಮೆ ಡಬ್ಬಿ ಬದಲಿಸಿದ್ದರೆ ಅವರ ಮಾತೇ ಮೇಲು. ಅದಿಲ್ಲದಿದ್ದರೆ, ಎಲ್ಲರಿಗೂ ಗೊತ್ತಿರುವ ದೊಡ್ಡ ವಿಳಾಸವೇ ಎಂದು ನೋಡುತ್ತೇವೆ, ಉದಾಹರಣೆಗೆ ವಿದ್ಯುತ್ ಕಂಪನಿ, ರೈಲ್ವೆ ಟಿಕೆಟ್. ಅದೂ ಅಲ್ಲವಾದರೆ ಆಗ ಕೋಡ್. ಕೋಡೂ ಇಲ್ಲವಾದರೆ "ಇತರೆ". ಕೆಲವು ಆ್ಯಪ್‌ಗಳು ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಓದಿ ಲೆಕ್ಕ ಹಾಕುತ್ತವೆ. ಅವುಗಳ ಪಾಡು ಇನ್ನೂ ಕಷ್ಟ, ಏಕೆಂದರೆ ಎಸ್ಸೆಮ್ಮೆಸ್ಸಿನಲ್ಲಿ ಕೋಡ್ ಇರುವುದಿಲ್ಲ. ಬರೀ ಹೆಸರು ನೋಡಿ ಊಹಿಸಬೇಕು. "ಅನ್ನಪೂರ್ಣ" ಎಂದಿದ್ದರೆ ಅದು ಹೋಟೆಲೋ, ಅನ್ನಪೂರ್ಣಮ್ಮನವರೋ?

ಸರಿ, ಒಂದು ಮನೆಯ ಲೆಕ್ಕ ತೆಗೆದುಕೊಳ್ಳೋಣ. ಮನೆ ನಾನು ಕಟ್ಟಿದ್ದು, ಆದರೆ ಅಂಥ ಮನೆ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಅಣ್ಣ ತಮ್ಮ ಇಬ್ಬರು. ಹೊಲ ಇಬ್ಬರ ಹೆಸರಿನಲ್ಲೂ ಇದೆ, ಭಾಗ ಆಗಿಲ್ಲ. ಅಣ್ಣ ಊರಿನಲ್ಲಿದ್ದು ಸಾಗುವಳಿ ಮಾಡುತ್ತಾರೆ, ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೊಲದ ಖರ್ಚು ಅರ್ಧರ್ಧ ಎಂದು ಮಾತು. ಎಲ್ಲ ಪಾವತಿಯೂ ಅಣ್ಣನ ಫೋನಿನಿಂದ. ಬಿತ್ತನೆಯ ತಿಂಗಳು ಮುಗಿದ ಮೇಲೆ ತಮ್ಮ ಹಬ್ಬಕ್ಕೆ ಊರಿಗೆ ಬಂದು, "ಲೆಕ್ಕ ಬರೆಯುವುದು ಯಾಕಣ್ಣ, ಫೋನಿನಲ್ಲೇ ಇದೆಯಲ್ಲ" ಎಂದು ಚಕ್ರ ತೆರೆಯುತ್ತಾನೆ.

ಆ ತಿಂಗಳು ಫೋನಿನಿಂದ ಹೋದದ್ದು ಒಟ್ಟು 30,000 ರೂಪಾಯಿ. ಚಕ್ರ ಹೇಳುವುದು ಹೀಗೆ. ದಿನಸಿ 5,200. ಔಷಧಿ 1,850. ಪೆಟ್ರೋಲ್ 1,600. ಕರೆಂಟು ಮತ್ತು ಮೊಬೈಲ್ ಸೇರಿ ಬಿಲ್ 1,350. ಶಾಪಿಂಗ್ 6,400. ವ್ಯಕ್ತಿಗಳಿಗೆ ಕಳಿಸಿದ್ದು 13,600.

ತಮ್ಮನ ಕಣ್ಣಿನಿಂದ ಇದನ್ನು ನೋಡಿ. ನೂರಕ್ಕೆ ನಲವತ್ತೈದು ರೂಪಾಯಿ ಯಾರ ಯಾರಿಗೋ ಹೋಗಿದೆ. ಇಪ್ಪತ್ತೊಂದು ರೂಪಾಯಿ ಶಾಪಿಂಗ್. ಹೊಲ ಎಂಬ ಬಣ್ಣವೇ ಚಕ್ರದಲ್ಲಿ ಇಲ್ಲ. ಅವನು ಕೆಟ್ಟವನಲ್ಲ, ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತದೆ. "ಹೊಲದ ಖರ್ಚು ಅಂತ ನನ್ನ ಹತ್ತಿರ ತಿಂಗಳು ತಿಂಗಳು ಇಸ್ಕೊಳ್ತಾರಲ್ಲ, ಎಲ್ಲಿದೆ?" ಅಣ್ಣನಿಗೆ ಚಕ್ರ ಓದಲು ಬರುವುದಿಲ್ಲ. ತನ್ನ ಫೋನೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆ ಎಂದು ಮಾತ್ರ ಗೊತ್ತಾಗುತ್ತದೆ. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಭಾಗದ ಪಂಚಾಯಿತಿಗೆ ಎಷ್ಟು ಸಲ ಕೂತಿದ್ದೀರೋ.

ಈಗ ಚಕ್ರವನ್ನು ಬಿಚ್ಚಿ ಒಂದೊಂದು ಸಾಲಾಗಿ ಓದೋಣ. ಆ್ಯಪಿನಲ್ಲಿ ಡಬ್ಬಿಯ ಮೇಲೆ ಒತ್ತಿದರೆ ಅದರೊಳಗಿನ ಪಾವತಿಗಳ ಪಟ್ಟಿ ಬರುತ್ತದೆ, ಅಥವಾ ತಿಂಗಳ ಪೂರ್ತಿ ಪಟ್ಟಿ ಇಳಿಸಿಕೊಳ್ಳಬಹುದು. ಬಣ್ಣ ಬಿಟ್ಟು ಸಾಲು ನೋಡಬೇಕು.

ಶಾಪಿಂಗ್ 6,400 ಎಂಬುದು ಒಂದೇ ಸಾಲು. ಗೊಬ್ಬರದ ಅಂಗಡಿ. ಬೈಕಿನ ಹುಡುಗ ಒತ್ತಿದ 5999, ಕೋಷ್ಟಕದಲ್ಲಿ ಶಾಪಿಂಗ್ ಡಬ್ಬಿಗೆ ಬಿತ್ತು. ಪೂರ್ತಿ ಹೊಲದ್ದು.

ವ್ಯಕ್ತಿಗಳಿಗೆ ಹೋದ 13,600ರಲ್ಲಿ ಏಳು ಹೆಸರುಗಳಿವೆ. ಟ್ರ್ಯಾಕ್ಟರ್ ಉಳುಮೆಗೆ 4,000. ಕೂಲಿಗೆ 3,600, ಅದು ಮೇಸ್ತ್ರಿಯಾಗಿ ಆಳು ಕರೆತರುವ ಹೆಣ್ಣುಮಗಳ ನಂಬರಿಗೆ ಹೋಗಿದೆ. ಇವೆರಡೂ ಹೊಲದ್ದು, 7,600 ಆಯಿತು. ಹಾಲಿಗೆ 1,500, ತರಕಾರಿಗೆ 1,300, ಇವು ಅಡುಗೆಮನೆಯವು. ಬಟ್ಟೆ ಹೊಲಿಸಿದ್ದು 600. ಮಗಳ ಟ್ಯೂಷನ್ 1,000. ಉಳಿದ 1,600 ಅತ್ತಿಗೆಯ ಸ್ವಸಹಾಯ ಸಂಘದ ಕಂತು, ಸಂಘದ ಖಜಾಂಚಿಯ ನಂಬರಿಗೆ ಹಾಕಿದ್ದು.

ಇನ್ನು ದಿನಸಿ 5,200. ಇದರಲ್ಲಿ ತಕರಾರು ಇರಲಾರದು ಅನಿಸುತ್ತದೆ, ಅಂಗಡಿಯ ಕೋಡ್ ಸರಿಯಾಗಿಯೇ 5411 ಇದೆ. ಆದರೆ ನಮ್ಮ ಕಿರಾಣಿ ಅಂಗಡಿಯಲ್ಲಿ ಏನು ಸಿಗುವುದಿಲ್ಲ ಹೇಳಿ? ಒಂದು ಸಾಲು 1,200 ರೂಪಾಯಿ ಇದೆ. ಅದು ಎತ್ತುಗಳಿಗೆ ತಂದ ಹಿಂಡಿ ಚೀಲ. ಎತ್ತು ಹೊಲದ ಖರ್ಚಿಗೆ ಸೇರಿದ್ದು. ಇದನ್ನು ಯಾವ ಕೋಡೂ, ಯಾವ ಕೋಷ್ಟಕವೂ ಹಿಡಿಯಲಾರದು. ಕೋಡ್ ಇರುವುದು ಅಂಗಡಿಗೆ ಒಂದು, ಸಾಮಾನಿಗೆ ಒಂದಲ್ಲ. ಅಂಗಡಿಯವರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರ ಹಿಂಡಿ ಎಂದಿರುತ್ತದೆ, ದುಡ್ಡಿನ ದಾರಿಯಲ್ಲಿ ಆ ಚೀಟಿ ಪ್ರಯಾಣ ಮಾಡುವುದಿಲ್ಲ.

ಈಗ ಕೂಡಿಸಿ. ಗೊಬ್ಬರ 6,400, ಉಳುಮೆ ಕೂಲಿ 7,600, ಹಿಂಡಿ 1,200. ಹೊಲಕ್ಕೆ 15,200. ಚಕ್ರದಲ್ಲಿ ಸೊನ್ನೆ ಇದ್ದದ್ದು ತಿಂಗಳ ಖರ್ಚಿನ ಅರ್ಧಕ್ಕಿಂತ ಹೆಚ್ಚು. ತಮ್ಮನ ಪಾಲು 7,600. ಮನೆಯ ಊಟಕ್ಕೆ ಎಷ್ಟು? ದಿನಸಿಯಲ್ಲಿ ಉಳಿದ 4,000ಕ್ಕೆ ಹಾಲು ತರಕಾರಿ ಸೇರಿಸಿದರೆ 6,800. ಚಕ್ರ 5,200 ಎಂದಿತ್ತು. ಆ ಸಂಖ್ಯೆ ಹತ್ತಿರ ಇತ್ತು ಎಂದು ಸಮಾಧಾನ ಪಡಬೇಡಿ. ಹಿಂಡಿ ಒಳಗೆ ಸೇರಿ, ಹಾಲು ಹೊರಗೆ ಹೋಗಿ, ಎರಡು ತಪ್ಪು ಒಂದನ್ನೊಂದು ಸ್ವಲ್ಪ ಮುಚ್ಚಿಕೊಂಡಿವೆ ಅಷ್ಟೆ. ಔಷಧಿ, ಪೆಟ್ರೋಲ್, ಬಿಲ್ ಮಾತ್ರ ಇದ್ದದ್ದು ಇದ್ದ ಹಾಗೆ ಸರಿಯಾಗಿವೆ. ಅದು ಆಕಸ್ಮಿಕವಲ್ಲ. ಮೆಡಿಕಲ್ ಸ್ಟೋರಿನಲ್ಲಿ ಹೆಚ್ಚಿನ ಪಾಲು ಔಷಧಿಯೇ ಮಾರುತ್ತಾರೆ, ಬಂಕಿನಲ್ಲಿ ಪೆಟ್ರೋಲ್ ಡೀಸೆಲ್ಲೇ ಮಾರುತ್ತಾರೆ. ಒಂದೇ ಬಗೆಯ ಸಾಮಾನು ಮಾರುವ, ನೋಂದಾಯಿಸಿಕೊಂಡ ಅಂಗಡಿ ಎಲ್ಲಿದೆಯೋ ಅಲ್ಲಿ ಚಕ್ರವನ್ನು ನಂಬಬಹುದು. ಪೇಟೆಯಲ್ಲಿ ಸಂಬಳದ ಮೇಲೆ ಬದುಕುವವರ ಚಕ್ರ ನಮ್ಮ ಊರಿನವರ ಚಕ್ರಕ್ಕಿಂತ ನಿಜಕ್ಕೆ ಹತ್ತಿರ ಇರುವುದು ಅದಕ್ಕೇ.

ಚಕ್ರ ಎಷ್ಟು ನಂಬಲರ್ಹ ಎಂದು ಒಂದು ಕ್ಷಣದಲ್ಲಿ ತಿಳಿಯಬೇಕಾದರೆ ಎರಡು ಡಬ್ಬಿ ನೋಡಿ: "ವ್ಯಕ್ತಿಗಳಿಗೆ" ಮತ್ತು "ಇತರೆ" ಅಥವಾ "ಶಾಪಿಂಗ್". ಇವೆರಡೂ ಸೇರಿ ಅರ್ಧ ದಾಟಿದ್ದರೆ ಉಳಿದ ಬಣ್ಣಗಳ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಈ ಮನೆಯಲ್ಲಿ ಅವೆರಡೂ ಸೇರಿ ನೂರಕ್ಕೆ ಸುಮಾರು ಅರವತ್ತೇಳು ಆಗಿತ್ತು.

ಇನ್ನೊಂದು ಕಡೆ ಚಕ್ರ ಹಿಗ್ಗುತ್ತದೆ, ಅದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ಖಾತೆಗೆ ಹಾಕಿದರೆ ಅದು ಖರ್ಚಲ್ಲ. ಎರಡೂ ಖಾತೆ ಒಂದೇ ಆ್ಯಪಿನಲ್ಲಿ ಸೇರಿಸಿದ್ದರೆ ಅದಕ್ಕೆ ಗೊತ್ತಾಗಬಹುದು, ಇಲ್ಲದಿದ್ದರೆ ಖರ್ಚೆಂದೇ ಬರೆದುಕೊಳ್ಳುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು ಒಮ್ಮೆ, ಆ ಕಾರ್ಡಿನ ಬಿಲ್ ಕಟ್ಟಿದ್ದು ಒಮ್ಮೆ, ಹೀಗೆ ಒಂದೇ ದುಡ್ಡು ಎರಡು ಸಲ ಎಣಿಕೆ ಆಗುವುದೂ ಉಂಟು. ಇನ್ನು ಕೈಯಲ್ಲಿ ಕೊಟ್ಟ ನೋಟು, ಬೇರೆ ಆ್ಯಪಿನಿಂದ ಕಳಿಸಿದ್ದು, ಇವು ಈ ಆ್ಯಪಿನ ಪಾಲಿಗೆ ನಡೆದೇ ಇಲ್ಲ.

ನೀವು ಕೇಳಬಹುದು, ಇಷ್ಟು ಒರಟು ಸಂಖ್ಯೆಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು. ಬಣ್ಣದ ಚಕ್ರ ಅದರ ಉಪಕಸುಬು ಮಾತ್ರ. ಅದರ ನಿಜವಾದ ಕಸುಬು ಬೇರೆ ಇದೆ. ಯುಪಿಐನಲ್ಲಿ ಸಾಮಾನ್ಯವಾಗಿ ಒಂದು ಲಕ್ಷದ ಮಿತಿ ಇದೆ ಎಂದು ನಿಮಗೆ ಗೊತ್ತು. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಕಟ್ಟುವ ಹಣಕ್ಕೆ ಆ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವುದಾಗಿ 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ನೀವು ಕಟ್ಟುತ್ತಿರುವುದು ಆಸ್ಪತ್ರೆಗೇ ಎಂದು ವ್ಯವಸ್ಥೆಗೆ ಗೊತ್ತಾಗುವುದು ಈ ಕೋಡಿನಿಂದ. ಆಸ್ಪತ್ರೆಯ ಕ್ಯೂಆರ್ ತಪ್ಪು ಕೋಡಿನಲ್ಲಿ ನೋಂದಣಿ ಆಗಿದ್ದರೆ, ರಾತ್ರಿ ಹನ್ನೊಂದಕ್ಕೆ ಎರಡು ಲಕ್ಷ ಕಟ್ಟಲು ನಿಂತವರ ಪಾವತಿ ಹೋಗದೆ ಹಿಂದಕ್ಕೆ ಬರಬಹುದು. ಅವರಿಗೆ ಕಾರಣವೂ ತಿಳಿಯುವುದಿಲ್ಲ.

ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಯಾವ ಕೋಡಿನಲ್ಲಿ ಎಷ್ಟು ಪಾವತಿ ಆಯಿತು ಎಂದು ತಿಂಗಳು ತಿಂಗಳು ಪಟ್ಟಿ ಪ್ರಕಟಿಸುತ್ತದೆ. ಪಾವತಿಗಳ ಎಣಿಕೆಯಲ್ಲಿ ಮೇಲೆ ನಿಲ್ಲುವುದು ನಮ್ಮ 5411, ದಿನಸಿ. ಹಣದ ಮೊತ್ತದಲ್ಲಿ ಮೇಲಿನ ಸಾಲಿನಲ್ಲಿ ನಿಲ್ಲುವ ಇನ್ನೊಂದು ಕೋಡ್ ಇದೆ, 7322. ಅದರ ಹೆಸರು ಸಾಲ ವಸೂಲಿ ಸಂಸ್ಥೆ. ದೇಶದ ಜನ ಫೋನಿನಲ್ಲಿ ಬಹಳ ದೊಡ್ಡ ಮೊತ್ತವನ್ನು ಸಾಲದ ಕಂತಿಗೆ ಕಟ್ಟುತ್ತಿದ್ದಾರೆ ಎಂದು ಈ ಒರಟು ಸಂಖ್ಯೆಯಿಂದಲೇ ನಮಗೆ ಗೊತ್ತಾಗಿದೆ. ಲಕ್ಷಾಂತರ ಅಂಗಡಿಗಳನ್ನು ಒಟ್ಟಿಗೆ ನೋಡುವಾಗ ಕೋಡ್ ಕೆಲಸಕ್ಕೆ ಬರುತ್ತದೆ. ಒಂದು ಮನೆಯನ್ನು ತೂಗುವಾಗ ಕೈಕೊಡುತ್ತದೆ. ಭತ್ತದ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಒಂದು ಗ್ರಾಂ ಚಿನ್ನ ಇಟ್ಟ ಹಾಗೆ.

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಆದದ್ದು ನಿಮಗೆ ನೆನಪಿದೆ. ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು, ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಹಲಗೆ ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ಬಂತು. ಇಲಾಖೆ ಸರಿಯೋ ವ್ಯಾಪಾರಿಗಳು ಸರಿಯೋ ಎಂದು ನಾನು ಇಲ್ಲಿ ಹೇಳಲು ಬಂದಿಲ್ಲ. ಆ ಜಗಳದ ಒಳಗೂ ಇದೇ ವಿಷಯ ಇತ್ತು ಎಂದು ಮಾತ್ರ ತೋರಿಸುತ್ತೇನೆ. ಖಾತೆಗೆ ಬಂದ ಮೊತ್ತ ಎಷ್ಟು ಎಂದು ಪಾವತಿಯ ದಾಖಲೆ ರೂಪಾಯಿ ಬಿಡದೆ ಹೇಳುತ್ತದೆ. ಅದರಲ್ಲಿ ತೆರಿಗೆ ಇಲ್ಲದ ಹಾಲು ತರಕಾರಿ ಎಷ್ಟು, ತೆರಿಗೆ ಇರುವ ಸಾಮಾನು ಎಷ್ಟು, ಭಾವ ಕೊಟ್ಟ ಕೈಸಾಲ ಎಷ್ಟು ಎಂದು ಹೇಳುವುದಿಲ್ಲ. ಅದನ್ನು ಹೇಳುವ ಶಕ್ತಿ ಇರುವುದು ಅಂಗಡಿಯವರ ಖರೀದಿ ಬಿಲ್ಲಿಗೆ ಮತ್ತು ದಿನದ ಪುಸ್ತಕಕ್ಕೆ.

ಹಾಗಾಗಿ ವ್ಯಾಪಾರ ಮಾಡುವವರಿಗೆ ಒಂದು ಮಾತು. ನಿಮ್ಮ ಕ್ಯೂಆರನ್ನು ನಿಮ್ಮ ಮಗನ ಕೈಯಲ್ಲಿ ಸಾಮಾನ್ಯ ಸ್ಕ್ಯಾನರ್‌ನಿಂದ ಓದಿಸಿ, `mc=` ಮುಂದೆ ಏನಿದೆ ನೋಡಿ. ಕೆಲವು ಹಲಗೆಗಳಲ್ಲಿ ಉದ್ದನೆಯ ಅಂಕಿಗಳ ಸಾಲು ಬರುತ್ತದೆ, ಬೇರೆ ವಿಧಾನದಲ್ಲಿ ಬರೆದದ್ದು. ಅದರಲ್ಲಿ `52045411` ಎಂಬಂಥ ತುಣುಕು ಹುಡುಕಬೇಕು. 52 ಎಂದರೆ ಮುಂದೆ ಬರುವುದು ಕೋಡ್, 04 ಎಂದರೆ ಅದು ನಾಲ್ಕು ಅಂಕಿ, ಆಮೇಲೆ ಕೋಡ್. ತಪ್ಪಿದ್ದರೆ ಹಲಗೆ ಕೊಟ್ಟ ಬ್ಯಾಂಕಿಗೆ ಬರೆದುಕೊಡಿ. ಬದಲಾಗಬೇಕಾದದ್ದು ಅವರ ದಾಖಲೆಯಲ್ಲಿ, ಹಲಗೆಯ ಮೇಲಲ್ಲ. ಮನೆಯ ಖಾತೆಯನ್ನೂ ವ್ಯಾಪಾರದ ಖಾತೆಯನ್ನೂ ಬೇರೆ ಮಾಡಿದರೆ ಇನ್ನೂ ಒಳ್ಳೆಯದು.

ಮನೆಯ ಲೆಕ್ಕ ನೋಡುವವರಿಗೆ ಇನ್ನೂ ಸುಲಭದ ದಾರಿ ಇದೆ. ದುಡ್ಡು ಕಳಿಸುವಾಗ ಮೊತ್ತದ ಕೆಳಗೆ ಟಿಪ್ಪಣಿ ಬರೆಯಲು ಜಾಗ ಇರುತ್ತದೆ. ಅಲ್ಲಿ "ಉಳುಮೆ", "ಕೂಲಿ", "ಹಿಂಡಿ" ಎಂದು ಒಂದು ಪದ ಬರೆಯಿರಿ. ಆ ಪದ ಎದುರಿನವರಿಗೂ ಕಾಣುತ್ತದೆ, ಅದು ನೆನಪಿರಲಿ. ಡಬ್ಬಿ ಬದಲಿಸಲು ಬಿಡುವ ಆ್ಯಪ್ ಆದರೆ ಟ್ರ್ಯಾಕ್ಟರಿನವರನ್ನು ಒಮ್ಮೆ ಬದಲಿಸಿ. ಕೆಲವು ಆ್ಯಪ್ ಅದನ್ನು ನೆನಪಿಟ್ಟುಕೊಳ್ಳುತ್ತವೆ, ಕೆಲವು ಆ ಒಂದು ಪಾವತಿಗೆ ಮಾತ್ರ ಬದಲಿಸುತ್ತವೆ. ಮುಂದಿನ ತಿಂಗಳು ನೋಡಿದರೆ ನಿಮ್ಮದು ಯಾವ ಜಾತಿಯದು ಎಂದು ತಿಳಿಯುತ್ತದೆ.

ಗೋಷ್ಠಿಯ ನಂತರ ಕೃಷಿ ಪತ್ತಿನ ಸಂಘದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ಎದ್ದು, "ರೈತರ ಸಂಘಕ್ಕೆ ನಿಮ್ಮ ಪಟ್ಟಿಯಲ್ಲಿ ಜಾಗವೇ ಇಲ್ಲವೇನಪ್ಪ?" ಎಂದು ಕೇಳಿದರು. ಇದೆ ಗುರುಗಳೇ. ಕೃಷಿ ಸಹಕಾರ ಸಂಘಕ್ಕೆ 0763 ಎಂಬ ಸಂಖ್ಯೆ ಇದೆ. ನಿಮ್ಮ ಸಂಘದಲ್ಲಿ ಗೊಬ್ಬರ ಕೊಟ್ಟು ಆ ಸಂಖ್ಯೆಯ ಕ್ಯೂಆರಿನಲ್ಲಿ ದುಡ್ಡು ಪಡೆದರೆ ಅದು ಶಾಪಿಂಗ್ ಆಗದೆ ಉಳಿಯುವ ಸಾಧ್ಯತೆ ಇದೆ. ಆದರೆ ಆ್ಯಪ್ ಮಾಡಿದವರು ಕೃಷಿ ಎಂಬ ಡಬ್ಬಿಯನ್ನು ಇಟ್ಟಿರಬೇಕು. ನಾನು ನೋಡಿದ ಚಕ್ರಗಳಲ್ಲಿ ಸಿನಿಮಾಕ್ಕೆ, ಪ್ರವಾಸಕ್ಕೆ ಡಬ್ಬಿ ಇವೆ, ಹೊಲಕ್ಕೆ ಇಲ್ಲ. ನಮ್ಮ ಕೋಷ್ಟಕದಲ್ಲಿ ಅದನ್ನು ಸೇರಿಸಬೇಕೆಂದು ನಾನು ಕೇಳುತ್ತಲೇ ಇದ್ದೇನೆ. "ಅಷ್ಟು ಜನ ಎಲ್ಲಿದ್ದಾರೆ, ಅಂಕಿಅಂಶ ತೋರಿಸಿ" ಎನ್ನುತ್ತಾರೆ. ತೋರಿಸಲು ಹೋದರೆ ಅವರೆಲ್ಲ 5999ರಲ್ಲಿ, 0000ದಲ್ಲಿ ಅಡಗಿ ಕೂತಿದ್ದಾರೆ.

ಇನ್ನೊಬ್ಬ ಅಕ್ಕ ಕೇಳಿದ್ದು, ಶಾಲೆಯ ಬಾಗಿಲಲ್ಲಿ ಇಟ್ಟಿರುವ ದೇಣಿಗೆಯ ಕ್ಯೂಆರ್ ಯಾವ ಲೆಕ್ಕಕ್ಕೆ ಬರುತ್ತದೆ ಎಂದು. ಬೆಳಿಗ್ಗೆ ಬರುವಾಗಲೇ ಅದನ್ನು ಓದಿ ನೋಡಿದೆ, ಕಸುಬಿನ ಚಟ. ಹಳೆಯ ವಿದ್ಯಾರ್ಥಿಗಳ ಸಂಘದ ಖಾತೆಯದು, ಕೋಡ್ 8641, ಸಾಮಾಜಿಕ ಸಂಘಗಳಿಗೆ ಇರುವ ಸಂಖ್ಯೆ. ಅಲ್ಲಿ ಸ್ಕ್ಯಾನ್ ಮಾಡಿ ಕೊಟ್ಟವರ ಚಕ್ರದಲ್ಲಿ ಅದು ಬಹುಶಃ "ಇತರೆ" ಎಂದು ಬರುತ್ತದೆ. ಬಿಸಿಲಿಗೆ ಸಾಲು ನಿಲ್ಲಲಾರದೆ ನಮ್ಮ ದೈಹಿಕ ಶಿಕ್ಷಕರ ನಂಬರಿಗೆ ಹಾಕಿದವರ ಚಕ್ರದಲ್ಲಿ ಮೇಷ್ಟರ ಹೆಸರೇ ಬರುತ್ತದೆ. ಮೇಷ್ಟರು ಅದನ್ನು ಸಂಜೆಯೊಳಗೆ ಸಂಘದ ಖಾತೆಗೆ ಹಾಕುತ್ತಾರಂತೆ. ಹಾಕಿದಾಗ ಅವರ ಚಕ್ರದಲ್ಲಿ ಅಷ್ಟೂ ಹಣ ಅವರದೇ ಖರ್ಚೆಂದು ಬರುತ್ತದೆ, ಮನೆಯಲ್ಲಿ ಮೊದಲೇ ಹೇಳಿಟ್ಟಿರಲಿ.